ಫೋನಿನಲ್ಲಿ ಬಾರದ ಫೈವ್‌ಜಿ ಗುರುತು

ಸೊಸೆ ಗಾರ್ಮೆಂಟ್ಸ್ ಕೆಲಸಕ್ಕೆ ಸೇರಿದ ಮೇಲೆ ನನಗೊಂದು ಫೈವ್‌ಜಿ ಫೋನು ತಂದುಕೊಟ್ಟಳು. ಒಂದು ದಿನ ಹಾಲಿನ ಡೈರಿ ಮುಂದೆ ನನ್ನ ವಾರಗಿತ್ತಿ ಅದನ್ನು ಇಸ್ಕೊಂಡು ನೋಡಿ, "ಮೇಲೆ ಫೋರ್‌ಜಿ ಅಂತ ಐತಲ್ಲಕ್ಕ, ನಿನ್ ಸೊಸೆಗೆ ಟೋಪಿ ಆಕವ್ರೆ" ಅಂದಳು. ಪಕ್ಕದಲ್ಲಿದ್ದ ಸೊಸೆ ಮುಖ ಬಾಡಿಹೋಯಿತು. ನನಗೆ ತಡೆಯಲಾಗಲಿಲ್ಲ. ಅವಳನ್ನು ಕರಕೊಂಡು ಫೋನು ಕೊಂಡಿದ್ದ ಮದ್ದೂರಿನ ಅಂಗಡಿಗೆ ಹೋಗಿ ಅಂಗಡಿಯವಳಿಗೆ ಚೆನ್ನಾಗಿ ಬೈದೆ.

ಅವಳು ಫೋನಿನ ವಿವರ ತೆಗೆದು ಓದಿದಳು. "ಟವರು ಬುಡೋ ಸಿಗ್ನಲ್ಲಿನ ಬ್ಯಾಂಡು ಫೋನಿಗೆ ಇಡಿಯಕ್ಕೆ ಬರಬೇಕು ಅಜ್ಜಿ. ಇಲ್ಲಿ ಬೇಕಾದ ಬ್ಯಾಂಡು ಇದ್ರಲ್ಲೈತೆ" ಅಂದಳು. ಆಮೇಲೆ ಸೆಟ್ಟಿಂಗ್ಸಿನಲ್ಲಿ ಸಿಮ್ಮಿನ ಜಾಗಕ್ಕೆ ಹೋಗಿ, "ಇದನ್ನ ಫೋರ್‌ಜಿಗೆ ಇಟ್ಟೋರ್ಯಾರು?" ಅಂತ ಕೇಳಿದಳು.

ಆಗ ನೆನಪಾಯಿತು. ಕರೆಂಟು ಹೋದಾಗ ಬ್ಯಾಟರಿ ಉಳಿಯಲಿ ಅಂತ ಪಕ್ಕದ ಮನೆಯವಳ ಕೈಲಿ ಹಾಗೆ ಮಾಡಿಸಿದವಳು ನಾನೇ.

ಅಂಗಡಿಯವಳು ಫೈವ್‌ಜಿ ಒತ್ತಿದಳು. ಒಂದು ಗಳಿಗೆಯಲ್ಲಿ ಗುರುತು ಬಂತು. "ನಿಮ್ಮೂರತ್ರ ಫೈವ್‌ಜಿ ಟವರಿಲ್ದಿದ್ರೆ ತಿರ್ಗಾ ಫೋರ್‌ಜಿನೇ ತೋರ್ಸುತ್ತೆ, ಫೋನು ಕೆಟ್ಟಿಲ್ಲ" ಅಂದಳು.

"ಅತ್ತೆ, ಬೈದಿದ್ದು?" ಅಂದಳು ಸೊಸೆ.

"ತಪ್ಪಾಯ್ತು ಕಣವ್ವ" ಅಂದೆ ಅಂಗಡಿಯವಳಿಗೆ.

ಊರಲ್ಲಿ ಮತ್ತೆ ಫೋರ್‌ಜಿನೇ ಬಂತು. ಮಾರನೇ ಬೆಳಗ್ಗೆ ಡೈರಿ ಮುಂದೆ ವಾರಗಿತ್ತಿಗೆ, "ಇಲ್ಲಿ ಟವರಿಲ್ಲ ಕಣೆ, ಮದ್ದೂರಲ್ಲಿ ಬತ್ತದೆ. ನನ್ ಸೊಸೆಗೆ ಯಾರೂ ಟೋಪಿ ಆಕಿಲ್ಲ, ಫೋರ್‌ಜಿಗೆ ಇಡ್ಸಿದ್ದೂ ನಾನೇ" ಅಂದೆ. ಸೊಸೆ ಹಾಲಿನ ಕ್ಯಾನು ಎತ್ತಿಕೊಂಡು ನಗ್ತಾ ಮನೆ ಕಡೆ ನಡೆದಳು.