ಬಲಗಡೆಯ ಕಿಡ್ನಿ

ಕಟ್ಟಡದ ಕೆಲಸದವರೆಲ್ಲ ಅವನನ್ನು ‘ಹದ್ದು’ ಎಂದೇ ಕರೆಯುತ್ತಿದ್ದರು. ಹತ್ತಾರು ಮಹಡಿಗಳ ಎತ್ತರದ ಕ್ರೇನಿನ ನೆತ್ತಿಯಲ್ಲಿರುವ ಗಾಜಿನ ಗೂಡೇ ಅವನ ಕಚೇರಿ. ಬೆಳಿಗ್ಗೆ ಏಣಿ ಹತ್ತಿದರೆ ಊಟದ ಹೊತ್ತಿಗಷ್ಟೇ ಇಳಿಯುವುದು. ನಡುವೆ ಮೂತ್ರಕ್ಕೆಂದು ಇಳಿದರೆ ಕೆಳಗಿನ ಕೆಲಸವೆಲ್ಲ ನಿಂತುಬಿಡುತ್ತದೆ. ಅದಕ್ಕೇ ಅವನು ನೀರು ಕುಡಿಯುವುದನ್ನೇ ಬಿಟ್ಟಿದ್ದ. ಬಿಸಿಲಿಗೆ ಗೂಡು ಬಾಣಲೆಯಂತೆ ಕಾದರೂ ಬಾಟಲಿ ತುಂಬಿದ್ದು ತುಂಬಿದಂತೆಯೇ ಇರುತ್ತಿತ್ತು.

ಆವತ್ತು ಕಬ್ಬಿಣದ ಸರಳುಗಳ ಕಟ್ಟೊಂದು ಕೊಕ್ಕೆಯಲ್ಲಿ ತೂಗುತ್ತಿದ್ದಾಗ, ಬಲಗಡೆ ಬೆನ್ನಿನ ಪಕ್ಕೆಯಲ್ಲಿ ಯಾರೋ ಉಳಿ ಇಟ್ಟು ಹೊಡೆದಂತಾಯಿತು. ಉಳುಕಿರಬೇಕು ಎಂದುಕೊಂಡ. ಆದರೆ ನೋವು ಅಲೆಯಂತೆ ಏರಿ, ಹೊಟ್ಟೆಯ ಪಕ್ಕದಿಂದ ಜಾರಿ, ತೊಡೆಸಂದಿಗೆ, ಅಲ್ಲಿಂದ ವೃಷಣಕ್ಕೆ ಇಳಿಯಿತು. ಮೈಯೆಲ್ಲ ತಣ್ಣನೆ ಬೆವರಿತು. ಕೆಳಗೆ ಜನ ಓಡಾಡುತ್ತಿದ್ದರು. ಹಲ್ಲು ಕಚ್ಚಿಕೊಂಡು ಆ ಕಟ್ಟನ್ನು ಇಂಚಿಂಚಾಗಿ ನೆಲ ಮುಟ್ಟಿಸಿದ ಮೇಲೆಯೇ ಅವನು ವಾಂತಿ ಮಾಡಿದ್ದು.

ಏಣಿ ಇಳಿದದ್ದು ಹೇಗೆಂದು ಅವನಿಗೇ ಗೊತ್ತಿಲ್ಲ. ಶೌಚಾಲಯದಲ್ಲಿ ಹನಿ ಹನಿಯಾಗಿ ಬಂದ ಮೂತ್ರ ಬೀಟ್‌ರೂಟ್ ತೊಳೆದ ನೀರಿನ ಹಾಗಿತ್ತು. ಮೇಸ್ತ್ರಿ ಅವನನ್ನು ಗಾಡಿಗೆ ಹತ್ತಿಸಿ ಆಸ್ಪತ್ರೆಗೆ ಕರೆತಂದು, ಅವನ ತಂಗಿಗೂ ಫೋನ್ ಮಾಡಿದ.

ತುರ್ತು ಚಿಕಿತ್ಸೆಯ ಕೋಣೆಯಲ್ಲಿ ಅವನು ಮಂಚದ ಮೇಲೆ ಮಲಗಲೊಲ್ಲ, ಕೂರಲೊಲ್ಲ. ಸೊಂಟ ಹಿಡಿದುಕೊಂಡು ಸುತ್ತುತ್ತಲೇ ಇದ್ದ. ಡಾಕ್ಟರಮ್ಮ ಒಂದು ಗಳಿಗೆ ಅದನ್ನೇ ನೋಡಿದರು. ಆಮೇಲೆ ಮಲಗಿಸಿ ಹೊಟ್ಟೆ ಒತ್ತಿದರು; ಮೆತ್ತಗಿತ್ತು. ವೃಷಣವನ್ನೂ ಪರೀಕ್ಷಿಸಿದರು, ಬಾವಿರಲಿಲ್ಲ. ಪಕ್ಕೆಯ ಮೇಲೆ ಮೆಲ್ಲಗೆ ಗುದ್ದಿದಾಗ ಅವನು ಚೀರಿದ.

“ಅಪೆಂಡಿಕ್ಸ್ ಒಡೆದಿದ್ರೆ ಅಲ್ಲಾಡೋಕೂ ಹೆದರಿ ಬಿದ್ಕೊಂಡಿರ್ತಿದ್ರಿ,” ಎಂದರು. “ನಿಮಗೆ ಒಂದು ಕಡೆ ಇರೋಕೇ ಆಗ್ತಿಲ್ಲ. ನೋವು ಪಕ್ಕೆಯಿಂದ ಕೆಳಗಿಳೀತಿದೆ, ರಕ್ತಾನೂ ಹೋಗಿದೆ. ಕಿಡ್ನಿಯಿಂದ ಕಲ್ಲು ಜಾರಿ ಮೂತ್ರದ ನಾಳದಲ್ಲಿ ಕೂತಿರೋ ಹಾಗಿದೆ. ಸಣ್ಣದಾದ್ರೆ ತಾನಾಗೇ ಹೋಗುತ್ತೆ. ಸ್ಕ್ಯಾನ್ ಮಾಡೋಣ.”

ನರ್ಸ್ ನೋವಿನ ಇಂಜೆಕ್ಷನ್ ಹಿಡಿದು ಬಂದು ಅಂಗಿ ಎತ್ತಿದಳು. ಎಡಗಡೆ ಹಳೆಯ ಹೊಲಿಗೆಯ ಗುರುತಿತ್ತು.

“ಇದೇನ್ರೀ?” ಡಾಕ್ಟರಮ್ಮನ ದನಿ ಬದಲಾಯಿತು.

“ಆ ಕಡೆ ಕಿಡ್ನಿ ಇಲ್ಲಮ್ಮ. ತಂಗಿಗೆ ಕೊಟ್ಟೆ.”

“ತಡಿಯಮ್ಮ! ಆ ಇಂಜೆಕ್ಷನ್ ಬೇಡ, ಇರೋ ಒಂದಕ್ಕೂ ಪೆಟ್ಟಾಗುತ್ತೆ,” ಎಂದು ನರ್ಸನ್ನು ತಡೆದು ಬೇರೆ ಔಷಧ ಹೇಳಿದರು. “ಕೊನೆಗೆ ಮೂತ್ರ ಹೋಗಿದ್ದು ಯಾವಾಗ?”

“ಆ ಕೆಂಪಗೆ ಹೋಯ್ತಲ್ಲ, ಅಷ್ಟೇ. ಆಮೇಲೆ ಬಂದೇ ಇಲ್ಲ.”

ಸ್ಕ್ಯಾನಿನಲ್ಲಿ ಮೂತ್ರಕೋಶ ಬರಿದಾಗಿತ್ತು. ಮೇಲೆ ಕಿಡ್ನಿ ಊದಿಕೊಂಡಿತ್ತು. ನಡುವೆ, ನಾಳದಲ್ಲಿ, ಕಡಲೆಕಾಳಿನಷ್ಟು ಕಲ್ಲು. ಎರಡು ಕಿಡ್ನಿ ಇದ್ದವರಿಗೆ ಒಂದು ಮುಚ್ಚಿದರೂ ಇನ್ನೊಂದು ಕೈಹಿಡಿಯುತ್ತದೆ. ಇವನಿಗೆ ಆ ಇನ್ನೊಂದಿರಲಿಲ್ಲ. ರಕ್ತದಲ್ಲಿ ಆಗಲೇ ಕಲ್ಮಶ ಏರತೊಡಗಿತ್ತು. ತಾನಾಗಿ ಹೋಗಲೆಂದು ಕಾಯುವ ಮಾತೇ ಇರಲಿಲ್ಲ. ಒಳಗೆ ಸಣ್ಣ ಕೊಳವೆ ಹಾಕಿ ದಾರಿ ಬಿಡಿಸಬೇಕಿತ್ತು. ಅದನ್ನು ಹಾಕುವ ಡಾಕ್ಟರು ಬೇರೊಂದು ಆಪರೇಷನ್ನಿನಲ್ಲಿದ್ದರು.

ಅಷ್ಟರಲ್ಲಿ ತಂಗಿ ಏದುಸಿರು ಬಿಡುತ್ತಾ ಬಂದಳು. ಡಾಕ್ಟರಮ್ಮ ಹೇಳಿದ್ದನ್ನೆಲ್ಲ ಕೇಳಿ ಗೋಡೆಗೆ ಒರಗಿದಳು.

“ನನ್ನದನ್ನ ತೆಗೆದು ಅವನಿಗೇ ವಾಪಸ್ ಹಾಕಿಬಿಡಿ ಡಾಕ್ಟ್ರೇ.”

“ಹುಚ್ಚು ಮಾತಾಡ್ಬೇಡ ಪುಟ್ಟಿ,” ಎಂದ ಅಣ್ಣ, ನೋವಿನ ಎರಡು ಅಲೆಗಳ ನಡುವೆ. “ಕೊಟ್ಟಿದ್ದನ್ನ ವಾಪಸ್ ಇಸ್ಕೊಳ್ಳೋಕೆ ಅದೇನು ಸೈಕಲ್ಲಾ?”

ಅವಳು ನಗಲಿಲ್ಲ. “ನೀರು ಕುಡಿ, ನೀರು ಕುಡಿ ಅಂತ ದಿನಾ ಫೋನ್ ಮಾಡಿ ನನ್ನ ಪ್ರಾಣ ತಿಂತೀಯಲ್ಲ. ನೀನು ಕುಡಿದ್ಯಾ?”

ಅವನು ಮುಖ ತಿರುಗಿಸಿದ. ಮತ್ತೆ ನೋವು ಏರಿದಾಗ ಮಂಚದ ಸರಳನ್ನು ಹಿಡಿದು, ಸತ್ತರೆ ಸಾಕಪ್ಪಾ ಎಂದು ಗೋಗರೆದ. ಅವನ ಮಾತು ಕೇಳಿಸದಂತೆ ತಂಗಿ ಕಿವಿ ಮುಚ್ಚಿಕೊಂಡಳು. ಕಾದಷ್ಟೂ ಅವನ ಮೈ ಸುಡತೊಡಗಿತು. ಜ್ವರ ಅಳೆದ ಡಾಕ್ಟರಮ್ಮ ಆಪರೇಷನ್ ಕೋಣೆಗೆ ತಾವೇ ಓಡಿದರು: ಕಟ್ಟಿಕೊಂಡ ಮೂತ್ರದಲ್ಲಿ ಸೋಂಕು ಹತ್ತಿದರೆ ಮೈಯೆಲ್ಲ ನಂಜಾಗಲು ಹೆಚ್ಚು ಹೊತ್ತು ಬೇಕಿಲ್ಲ. ಔಷಧದ ಸೀಸೆ ತೂಗುತ್ತಿದ್ದ ಹಾಗೆಯೇ ಅವನನ್ನು ಒಳಗೆ ತಳ್ಳಿಕೊಂಡು ಹೋದರು.

ಕೊಳವೆ ಕಲ್ಲಿನ ಪಕ್ಕದಲ್ಲಿ ನುಸುಳಿ ಮೇಲೇರಿತು. ಕಟ್ಟಿಕೊಂಡದ್ದು ಕದಡಿದ ಕೆಂಪು ನೀರಾಗಿ ಚೀಲಕ್ಕೆ ಇಳಿಯಿತು. ನೋವು ತಗ್ಗಿತು. ಆದರೆ ಜ್ವರ ಬೇಗ ಬಿಡಲಿಲ್ಲ. ಕಲ್ಲನ್ನು ಒಡೆಯುವುದೇನಿದ್ದರೂ ಸೋಂಕು ಪೂರ್ತಿ ಇಳಿದ ಮೇಲೆ ಎಂದರು. ಕಿಡ್ನಿ ಮೊದಲಿನಂತಾಗುತ್ತದೆಯೇ ಎಂದು ತಂಗಿ ಕೇಳಿದ್ದಕ್ಕೆ, “ಚೇತರಿಸ್ಕೊಳ್ತಿದೆ. ಎಷ್ಟು ಅಂತ ಈಗಲೇ ಹೇಳೋಕಾಗಲ್ಲಮ್ಮ,” ಎಂದರು ಡಾಕ್ಟರಮ್ಮ.

ಅವಳು ಮಂಚದ ಪಕ್ಕ ಕೂತು ಅಣ್ಣನ ಮುಖ ನೋಡದೆ ಚೀಲವನ್ನೇ ನೋಡುತ್ತಿದ್ದಳು. ಅವನು ಅವಳ ಕೈ ಹಿಡಿಯಲು ಹೋದ, ಅವಳು ಬಿಡಿಸಿಕೊಂಡಳು. ಸ್ವಲ್ಪ ಹೊತ್ತಾದ ಮೇಲೆ ತಾನೇ ಹಿಡಿದುಕೊಂಡು, ಬಿಕ್ಕಿ ಬಿಕ್ಕಿ ಅತ್ತಳು.