ಕನ್ನಡದಿಂದ ಕನ್ನಡಕ್ಕೆ ಒಬ್ಬ ದುಭಾಷಿ

ಬೆಟಗೇರಿಯ ನೇಕಾರರ ಮನೆಯ ಉಡಚಪ್ಪ ಶಿರಹಟ್ಟಿಯ ತಾಲೂಕು ಕಚೇರಿಯಲ್ಲಿ ದುಭಾಷಿಯಾಗಿದ್ದ. ಸಂಸ್ಥಾನದ ಕಾಲದಲ್ಲೂ, ಆಮೇಲೆ ಮುಂಬೈ ಸರಕಾರದ ಕಾಲದಲ್ಲೂ ಸಾಹೇಬರು ಮರಾಠಿಯವರು, ಅರ್ಜಿ ಕೊಡುವವರು ಕನ್ನಡದವರು. ನಡುವೆ ಉಡಚಪ್ಪ. ಅವನು ಕೂತ ಬೆಂಚು ಅಲುಗಲಿಲ್ಲ, ಸರಕಾರಗಳು ಮಾತ್ರ ಬದಲಾದವು.

ಐವತ್ತಾರರ ನವೆಂಬರಿನಲ್ಲಿ ಕನ್ನಡ ನಾಡು ಒಂದಾಯಿತು. ಉಡಚಪ್ಪ ಕೈಯಿಂದಲೇ ಖರ್ಚು ಮಾಡಿ ಕಚೇರಿಗೆಲ್ಲ ಪೇಢೆ ಹಂಚಿದ. ಕೊನೆಯ ಪೇಢೆಯನ್ನು ಬಾಯಿಗಿಟ್ಟುಕೊಂಡಾಗ ಕಚೇರಿಯ ಜವಾನ, ಪಟ್ಟೇವಾಲಾ ಬುಡ್ಡೇಸಾಬ ಕೇಳಿದ: “ಉಡಚಪ್ಪಣ್ಣಾ, ಇನ್ನ ಸಾಹೇಬ್ರೂ ಕನ್ನಡದವ್ರ ಬರ್ತಾರಂತ. ನಿನಗೇನ ಕೆಲಸಾ?”

ಪೇಢೆ ಅಗಿಯುತ್ತಲೇ ಉಡಚಪ್ಪ ಲೆಕ್ಕ ಹಾಕಿದ. ಹನ್ನೊಂದು ವರ್ಷದ ನೌಕರಿ, ಬೆಟಗೇರಿಯಲ್ಲಿ ಹೆಂಡತಿ ಗುರುಸಿದ್ದವ್ವ, ಮೂರು ಮಕ್ಕಳು. ಕೈಗಳು ಮಗ್ಗವನ್ನು ಮರೆತು ಎಷ್ಟೋ ಕಾಲವಾಗಿತ್ತು. ತನ್ನ ಅನ್ನಕ್ಕೆ ಕುತ್ತು ಬಂದದ್ದಕ್ಕೆ ತಾನೇ ಸಿಹಿ ಹಂಚಿದವನು ಆ ತಾಲೂಕಿನಲ್ಲಿ ಅವನೊಬ್ಬನೇ ಇರಬೇಕು.

ಹೊಸ ಸಾಹೇಬರು ಮೈಸೂರಿನವರು. ತೆಳ್ಳಗಿನ ದನಿ, ಗರಿಗರಿ ಪಂಚೆ. ಮೊದಲ ದಿನ ಕಪ್ಪತಗುಡ್ಡದ ಬುಡದ ಹಳ್ಳಿಯಿಂದ ನಾಲ್ಕು ಜನ ರೈತರು ಬಂದು, ನಾಡು ಒಂದಾದ ಖುಷಿಯಲ್ಲಿ ಒಟ್ಟಿಗೇ ಮಾತಾಡಿದರು. ಸಾಹೇಬರು ಕುರ್ಚಿ ಹಿಂದಕ್ಕೆ ಸರಿಸಿಕೊಂಡರು.

“ಯಾಕೆ ಇವರೆಲ್ಲ ಜಗಳಕ್ಕೆ ಬಂದಿದಾರೆ?”

“ಜಗಳಲ್ರಿ ಸಾಹೇಬ್ರ, ನಮಸ್ಕಾರ ಮಾಡಾಕತ್ತಾರ,” ಎಂದ ಉಡಚಪ್ಪ.

ಅತ್ತ ರೈತರಿಗೆ ಬೇರೆ ಚಿಂತೆ. ಸಾಹೇಬರ ದನಿ ಕೇಳಿ ಅವರಲ್ಲೊಬ್ಬ ಪಿಸುಗುಟ್ಟಿದ: “ಪಾಪ, ಆರಾಮ ಇಲ್ಲೇನ ಇವ್ರಿಗೆ?”

ಅಲ್ಲಿಗೆ ಉಡಚಪ್ಪನ ಕೆಲಸ ಉಳಿಯಿತು. ಸಾಹೇಬರು “ಕೂತ್ಕೊಳ್ಳಿ” ಎಂದರೆ ಇವನು “ಕುಂಡ್ರಿ” ಎನ್ನುತ್ತಿದ್ದ. ರೈತ “ಬಿತ್ತಾಕ ಹೋಗಬೇಕ್ರಿ” ಎಂದರೆ “ಬಿತ್ತೋಕೆ ಹೋಗ್ಬೇಕಂತೆ ಸಾರ್” ಎಂದು ಮೈಸೂರಿನ ಮೆತ್ತನೆಯ ದನಿಯಲ್ಲಿ ಒಪ್ಪಿಸುತ್ತಿದ್ದ. ಹರೆಯದಲ್ಲಿ ಸೋದರಮಾವ ನಿಂಗಪ್ಪನ ಜೊತೆ ಸೀರೆ ಗಂಟು ಹೊತ್ತು ಮೈಸೂರು, ಮಂಗಳೂರು, ಕಲಬುರ್ಗಿ ತಿರುಗಿದವನು. ಮೈಸೂರಲ್ಲಿ ‘ಇದೆ’, ನಮ್ಮಲ್ಲಿ ‘ಐತಿ’, ಕಲಬುರ್ಗಿಯಲ್ಲಿ ‘ಅದ’, ಮಂಗಳೂರಲ್ಲಿ ‘ಉಂಟು’. ಸೀರೆ ಮಾತ್ರ ನಾಲ್ಕೂ ಕಡೆ ಗಂಟಿನಲ್ಲೇ ಇರುತ್ತಿತ್ತು, ಸುಲಭಕ್ಕೆ ಮಾರಾಟವಾಗುತ್ತಿರಲಿಲ್ಲ. ಮಾತು ಆ ಊರಿನದಾದ ದಿನ ಗಂಟು ಹಗುರಾಗುತ್ತಿತ್ತು. ಅದೇ ಅವನ ವಿದ್ಯೆ.

ಈ ವಿದ್ಯೆಯನ್ನು ಅವನು ಧಾರಾಳವಾಗಿ ಹಂಚುತ್ತಿದ್ದ. ನಾವು ‘ಮನೆ’ಯ ಕೊನೆಯನ್ನು ತಿರುಗಿಸಿ ‘ಮನಿ’ ಎನ್ನುತ್ತೇವೆ, ಮೈಸೂರಿನವರು ‘ಮಾಡ್ತಿದೀನಿ’ ಎಂದು ನಡುವನ್ನು ನುಂಗುತ್ತಾರೆ, ಕರಾವಳಿಯವರು ಮಾತ್ರ ಒಂದಕ್ಷರ ಬಿಡದೆ ಅಷ್ಟನ್ನೂ ಆಡುತ್ತಾರೆ ಎಂದು ಊಟದ ಹೊತ್ತಿನಲ್ಲಿ ಬುಡ್ಡೇಸಾಬನಿಗೆ ಪಾಠ ಹೇಳುತ್ತಿದ್ದ. “ಯಾರದ ಖರೇ ಕನ್ನಡ?” ಎಂದು ಬುಡ್ಡೇಸಾಬ ಕೇಳಿದರೆ, “ಹಸದಾಗ ಯಾರ ಉಣ್ಣಾಕ ಕರೀತಾರ, ಅವ್ರದು,” ಎನ್ನುತ್ತಿದ್ದ.

ಒಂದು ವಿಷಯದಲ್ಲಿ ಮಾತ್ರ ಸಾಹೇಬರು ನೊಂದಿದ್ದರು. ಈ ಕಡೆಯ ಮುದುಕಿಯರು ಅವರನ್ನು ‘ನೀ’ ಎನ್ನುತ್ತಿದ್ದರು. ಉಡಚಪ್ಪ ಅದನ್ನು ದಾಟಿಸುವಾಗ ‘ತಾವು’ ಮಾಡಿ ಹೇಳುತ್ತಿದ್ದ. ಸಾಹೇಬರಿಗೂ ಕಿವಿ ಇತ್ತು. ಆದರೂ ‘ತಾವು’ ಬರುವ ತನಕ ಕಾದು ಆಮೇಲೆ ತಲೆಯಾಡಿಸುತ್ತಿದ್ದರು.

ವರ್ಷ ತುಂಬುವ ಹೊತ್ತಿಗೆ ಸಾಹೇಬರಿಗೆ ಎಲ್ಲವೂ ತಿಳಿಯುತ್ತಿತ್ತು. ರೈತರಿಗೂ ಅಷ್ಟೆ. ಆದರೂ ಉಡಚಪ್ಪನಿಗೆ ಬೇಜಾರಾದೀತೆಂದು ಎರಡೂ ಕಡೆಯವರು ತಿಳಿಯದವರಂತೆ ಕೂಡುತ್ತಿದ್ದರು. ಅವನು ಲಕ್ಷ್ಮೇಶ್ವರಕ್ಕೆ ಹೋದ ದಿನ ಕಚೇರಿ ಕೆಲಸ ಎರಡು ಪಟ್ಟು ನಡೆಯುತ್ತಿತ್ತು. ಅದನ್ನು ಯಾರೂ ಅವನಿಗೆ ಹೇಳಲಿಲ್ಲ.

ಹೀಗಿರುವಾಗ ತಪಾಸಣೆ ಬಂತು. ಕನ್ನಡ ರಾಜ್ಯದ ಕನ್ನಡ ಕಚೇರಿಯಲ್ಲಿ ದುಭಾಷಿಗೆ ಸಂಬಳ ಯಾಕೆಂದು ನೋಡಿ ಬರಲು ಮೇಲಿನವರು ಒಬ್ಬ ಅಧಿಕಾರಿಯನ್ನು ಕಳಿಸಿದರು. ಅವರು ಮಂಗಳೂರಿನವರು.

ಹಿಂದಿನ ದಿನವೇ ಬುಡ್ಡೇಸಾಬ ಅಂಗಳದಲ್ಲಿ ಕೂತ ಜನಕ್ಕೆಲ್ಲ ತಾಕೀತು ಮಾಡಿದ್ದ: “ಸಾಹೇಬ್ರು ಏನ ಕೇಳಿದ್ರೂ ಪಿಳಿಪಿಳಿ ನೋಡ್ರಿ. ಉಡಚಪ್ಪಣ್ಣ ಹೇಳಿದ ಮ್ಯಾಲ ಬಾಯಿ ಬಿಡ್ರಿ. ಅವನ ನೌಕರಿ ನಿಮ್ಮ ಬಾಯಾಗೈತಿ.” ಉಡಚಪ್ಪನಿಗೆ ಇದು ಗೊತ್ತಾಯಿತು. ತಪ್ಪೆಂದೂ ಗೊತ್ತಿತ್ತು. ಮಕ್ಕಳ ಮುಖ ನೆನೆದು ತಡೆಯಲಿಲ್ಲ.

ಮೊದಲ ಅರ್ಜಿ ಹನಮವ್ವನದು. ಹೊಲದ ಬಾವಿಗೆ ಹೋಗುವ ದಾರಿಗೆ ಪಕ್ಕದವನು ಮುಳ್ಳು ಹಾಕಿದ್ದ.

“ನಿಮ್ಮ ಹೆಸರೇನಮ್ಮ?” ಎಂದರು ಮೈಸೂರು ಸಾಹೇಬರು.

ಹನಮವ್ವ ಪಿಳಿಪಿಳಿ ನೋಡಿದಳು.

“ನಿನ್ನ ಹೆಸರೇನಬೇ?” ಎಂದ ಉಡಚಪ್ಪ.

“ಹನಮವ್ವ.”

“ಹನುಮವ್ವ ಅಂತೆ ಸಾರ್.”

ಸಾಹೇಬರು “ಓಹೋ!” ಎಂದು ದೊಡ್ಡ ರಹಸ್ಯ ಬಯಲಾದವರಂತೆ ಬರೆದುಕೊಂಡರು. ಮಂಗಳೂರಿನವರು ಕನ್ನಡಕ ತೆಗೆದು ಒರೆಸಿದರು. “ಇದು ಎಂತ ಮಾರಾಯ್ರೆ? ಹೆಸರಿಗೂ ದುಭಾಷಿ ಬೇಕಾ?”

“ಬಹಳ ಕಷ್ಟದ ಭಾಷೆ ಸಾರ್,” ಎಂದರು ಸಾಹೇಬರು. ಒಂದು ವರ್ಷದಲ್ಲಿ ಅವರು ಹೇಳಿದ ಮೊದಲ ಸುಳ್ಳು ಅದು, ಕಿವಿ ಕೆಂಪಾಗಿತ್ತು.

ಬಾವಿ, ದಾರಿ, ಮುಳ್ಳು ಎಲ್ಲವೂ ಹೀಗೇ ಎರಡೆರಡು ಸಲ ಬಂದವು. ನಾಟಕ ಚೆನ್ನಾಗಿಯೇ ನಡೆದಿತ್ತು. ಮಂಗಳೂರಿನವರು ಸೋತು, ಉಡಚಪ್ಪನ ಪರವಾಗಿ ಬರೆಯಲು ಪೆನ್ನು ಎತ್ತಿದರು. ಬರೆಯುವ ಮೊದಲು, ಬಿಸಿಲಲ್ಲಿ ನಡೆದು ಬಂದ ಮುದುಕಿಯ ಮೇಲೆ ಮರುಕ ಬಂದು, ಸುಮ್ಮನೆ ಒಂದು ಮಾತು ಕೇಳಿದರು.

“ಅಜ್ಜೀ, ಊಟ ಆಯಿತಾ?”

ಊಟ ಕೇಳಿದವರಿಗೆ ಉತ್ತರ ಕೊಡದೆ ಕೂತ ಹೆಂಗಸು ಆ ಸೀಮೆಯಲ್ಲಿ ಹುಟ್ಟಿಲ್ಲ. ಉತ್ತರ ಕೊಟ್ಟು, ತಿರುಗಿ ಕೇಳದೆ ಬಿಟ್ಟವಳೂ ಇಲ್ಲ. ಬುಡ್ಡೇಸಾಬನ ತಾಕೀತು ಹನಮವ್ವನ ತಲೆಯಲ್ಲಿತ್ತು, ಬಾಯಿ ಕೇಳಬೇಕಲ್ಲ.

“ಆತೋ ನಮ್ಮಪ್ಪಾ. ನಿಂದಾತೇನು?”

ಬುಡ್ಡೇಸಾಬ ಕಣ್ಣು ಮುಚ್ಚಿಕೊಂಡ. ಮಂಗಳೂರಿನವರ ಪೆನ್ನು ಗಾಳಿಯಲ್ಲೇ ನಿಂತಿತು. ಏಕವಚನ ಕಿವಿಗೆ ತಾಗಿತ್ತು. “ಇವರು ಎಂತ ಹೇಳಿದ್ದು? ಬೈದದ್ದಾ?”

ಉಡಚಪ್ಪನಿಗೆ ದಾರಿ ತೆರೆದೇ ಇತ್ತು. ಬೈದಳೆಂದರೂ ಆಗುತ್ತಿತ್ತು, ಬೇರೇನೋ ಎಂದರೂ ಆಗುತ್ತಿತ್ತು, ಮುದುಕಿಗೆ ಪ್ರಶ್ನೆ ತಿಳಿದಿಲ್ಲವೆಂದಾಗಿ ನೌಕರಿ ಉಳಿಯುತ್ತಿತ್ತು. ಅವನು ಹನಮವ್ವನ ಮುಖ ನೋಡಿದ. ಆಕೆ ಬಾಯಿಗೆ ಸೆರಗು ಒತ್ತಿಕೊಂಡಿದ್ದಳು.

“ಬೈದಿಲ್ರಿ. ನಿಮ್ಮದು ಊಟ ಆತೇನು ಅಂತ ಕೇಳ್ಯಾಳ. ನಮ್ಮ ಕಡೆ ಮುದುಕ್ಯಾರು ದೊಡ್ಡವ್ರಿಗೆ ‘ನೀವು’ ಅಂತಾರ, ಹೊಟ್ಟ್ಯಾಗ ಹುಟ್ಟಿದವ್ರಿಗೆ ‘ನೀ’ ಅಂತಾರ. ನಿಮ್ಮನ್ನ ಮಗಾ ಅಂದಾಳ್ರಿ.” ಆಮೇಲೆ ಮೈಸೂರು ಸಾಹೇಬರ ಕಡೆ ತಿರುಗಿದ. “ನಿಮ್ಮನ್ನೂ ಹಂಗ ಅಂತಿದ್ರು. ನಾನ ‘ತಾವು’ ಮಾಡಿ ಹೇಳಿ ಕೆಡಿಸಿದೆ.”

“ಹಾಗಾದರೆ ಅಜ್ಜಿಗೆ ನನ್ನ ಮಾತು ತಿಳಿಯಿತು,” ಎಂದರು ಮಂಗಳೂರಿನವರು. “ ದುಭಾಷಿ ಬೇಡ ಅಂತ ನೀವೇ ಹೇಳಿದ ಹಾಗೆ ಆಯಿತಲ್ಲ?”

“ಹೌದ್ರಿ.”

ಹನಮವ್ವ ಅಳತೊಡಗಿದಳು. “ನಿನ್ನ ಅನ್ನ ನಾ ಕಸಗೊಂಡ್ನಲ್ಲೋ ಯಪ್ಪಾ!”

ಆಗ ಮೈಸೂರು ಸಾಹೇಬರು ಎದ್ದರು. ಉಡಚಪ್ಪನ ಕಡೆ ನೋಡದೆ, ಮುದುಕಿಯ ಮುಂದೆ ಬಗ್ಗಿ, ಒಂದು ವರ್ಷದಿಂದ ಕೇಳಿ ಕೇಳಿ ಕಲಿತದ್ದನ್ನೆಲ್ಲ ಒಟ್ಟುಗೂಡಿಸಿ ಹೇಳಿದರು:

“ಅಳಬ್ಯಾಡ ಬೇ ಯವ್ವಾ. ದಾರಿ ಎಲ್ಲೈತಿ ತೋರ್ಸು, ನಾನೇ ಮುಳ್ಳು ತೆಗಿಸ್ತೀನಿ.”

ಅರ್ಧ ಮೈಸೂರು, ಅರ್ಧ ಶಿರಹಟ್ಟಿ. ಉಡಚಪ್ಪ ರೂಢಿಯಂತೆ ಬಾಯಿ ತೆರೆದ. ದಾಟಿಸುವುದಕ್ಕೆ ಏನೂ ಇರಲಿಲ್ಲ. ಹನಮವ್ವ ಆಗಲೇ ಸಾಹೇಬರ ಮುಂದೆ ಬಾಗಿಲು ದಾಟಿದ್ದಳು. ಅವನಿಗೆ ನಗು ಬಂತು, ಅದರ ಹಿಂದೆಯೇ ಅಳುವೂ ಬಂತು.

ತಿಂಗಳ ಕೊನೆಗೆ ಅವನು ಟ್ರಂಕು ಹೊತ್ತುಕೊಂಡು ಬೆಟಗೇರಿಯ ಮನೆಯ ಮುಂದೆ ನಿಂತ. ಗುರುಸಿದ್ದವ್ವ ಟ್ರಂಕು ನೋಡಿದಳು, ಗಂಡನ ಮುಖ ನೋಡಿದಳು.

“ನೌಕರಿ ಯಾಕ ಹೋತು?”

ಉಡಚಪ್ಪ ಟ್ರಂಕು ಕೆಳಗಿಟ್ಟು, ಮಗ್ಗದ ಮೇಲಿನ ಧೂಳು ಕೈಯಿಂದ ಸವರಿದ.

“ಎಲ್ಲಾರಿಗೂ ಕನ್ನಡ ಬಂತು.”