ಜಿರಳೆ ಇಲ್ಲದವರ ಸಭೆ

ದರ್ಬೆಯ ನಮ್ಮ ಅಪಾರ್ಟ್‌ಮೆಂಟಿನ ಸಭೆಯಲ್ಲಿ ನಾನು ಎದ್ದು ನಿಂತು, ಎಲ್ಲ ಮನೆಗಳಿಗೂ ಒಂದೇ ದಿನ ಜಿರಳೆ ಮದ್ದು ಹೊಡೆಸಬೇಕು, ಹಸಿ ಕಸವನ್ನು ರಾತ್ರಿ ಬಾಗಿಲ ಹೊರಗೆ ಇಡಬಾರದು ಎಂದೆ. ಒಂದು ಮನೆಗೆ ಹೊಡೆದರೆ ಅವು ಪೈಪಿನ ಸಂದಿಯಿಂದ ಪಕ್ಕದ ಮನೆಗೆ ಹೋಗುತ್ತವೆ. ನನ್ನ ದೇವರ ನೈವೇದ್ಯದ ಮೇಲೂ ಹರಿದಾಡಿದ್ದವು.

“ನಮ್ಮಲ್ಲಿ ಜಿರಳೆಯೇ ಇಲ್ಲ ಮಾರಾಯ್ರೆ, ನಾವೆಂತಕ್ಕೆ ಹೊಡೆಸುದು?” ಎಂದರು ಮೇಲಿನ ಮನೆಯ ಯಜಮಾನರು. ಉಳಿದವರೂ ಅದನ್ನೇ ಹೇಳಿದರು. ಜಿರಳೆ ಉಂಟು ಎಂದರೆ ಮರ್ಯಾದೆ ಹೋಗುತ್ತದಂತೆ. ಬಾಗಿಲಲ್ಲಿ ಮೀನಿನ ಕಸ ನಾರಿದರೆ ಹೋಗುವುದಿಲ್ಲ.

“ಹಾಗಾದ್ರೆ ಜಿರಳೆ ಎಲ್ಲ ನಮ್ಮ ಮನೆಯದ್ದೇ. ನಾಳೆ ನಾನೊಬ್ಬಳೇ ಹೊಡೆಸ್ತೇನೆ. ಓಡಿ ನಿಮ್ಮಲ್ಲಿಗೆ ಬಂದ್ರೆ ನನ್ನತ್ರ ಹೇಳ್ಬೇಡಿ” ಎಂದೆ.

ಕೂಡಲೇ ಎಲ್ಲರೂ ಒಂದೇ ದಿನಕ್ಕೆ ಒಪ್ಪಿದರು, ಕಸದ ನಿಯಮಕ್ಕೂ. ದೇವರು ಇವರಿಗೆ ಬುದ್ಧಿ ಕೊಡದಿದ್ದರೂ ಹೆದರಿಕೆ ಕೊಟ್ಟಿದ್ದಾನೆ, ಅಷ್ಟೇ ಪುಣ್ಯ.